ಕಾಣದ ಗುರಿಗೆ ಗುಂಡು

ಸೂರತ್ತಿನ ತಾಪಿ ದಂಡೆಯ ಕೋಟೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 16ನೆಯ ಶತಮಾನದ ಆ ಕೋಟೆ ಎದ್ದಾಗ ಫಿರಂಗಿ ನಳಿಗೆಯ ಒಳಮೈ ನುಣುಪಾಗಿತ್ತು. ದುಂಡನೆಯ ಗುಂಡು ದೂರ ಹೋದಷ್ಟೂ ದಾರಿ ತಪ್ಪುತ್ತಿತ್ತು. ಕಣ್ಣಿಗೆ ಕಂಡುದಕ್ಕೇ ಹೊಡೆಯಬೇಕು.

19ನೆಯ ಶತಮಾನದಲ್ಲಿ ನಳಿಗೆಯೊಳಗೆ ಸುರುಳಿಗೆರೆ ಕೊರೆದರು. ಚೂಪುಗುಂಡು ತಿರುಗುತ್ತ ಮೈಲಿಗಟ್ಟಲೆ ಗುರಿಯತ್ತ ಹಾರಿತು. ಆದರೆ ಬಂದೂಕೂ ಹಾಗೆಯೇ ಸುಧಾರಿಸಿತ್ತು. ಬಯಲಲ್ಲಿ ನಿಂತ ಫಿರಂಗಿಯವರು ಉಳಿಯುವಂತಿರಲಿಲ್ಲ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಫಿರಂಗಿಗಳು ಗುಡ್ಡದ ಹಿಂದೆ ಸರಿದವು.

ಹಾಗಾದರೆ ಗುರಿ ನೋಡುವವರಾರು? ಮುಂದೆ ಅಡಗಿ ಕುಳಿತ ವೀಕ್ಷಕ; ಅವನ ಕೈಯಲ್ಲಿ ಟೆಲಿಫೋನು, ಅನಂತರ ವೈರ್‌ಲೆಸ್. ಹೊಗೆ ಗುರಿಯನ್ನು ಮರೆಮಾಡಿದರೆ ಗುಂಡು ಈಚೆ ಬಿದ್ದಿದೆ. ಗುರಿಯ ಹಿಂದೆ ಎದ್ದರೆ ಆಚೆ. ಆಚೆ ಬಿದ್ದರೆ ‘400 ಮೀಟರ್ ಇಳಿಸಿ’ ಎನ್ನುತ್ತಾನೆ. ಈಗ ಈಚೆ ಬಿದ್ದರೆ ‘200 ಏರಿಸಿ’. ಹೀಗೆ ಅಂತರವನ್ನು ಅರ್ಧರ್ಧ ಮಾಡುತ್ತ 50ಕ್ಕೆ ತಂದಾಗ ಎಲ್ಲ ಫಿರಂಗಿಗಳೂ ಒಟ್ಟಿಗೆ ಗುಡುಗುತ್ತವೆ. ಮಂಜು ಕವಿದು ಅವನಿಗೆ ಕಾಣದಾದರೆ ಈ ತಿದ್ದುಪಡಿ ನಿಂತಂತೆಯೇ.