ಎಕ್ಸ್‌ರೇಗೆ ಅಂಕ ಕೊಡುವ ಯಂತ್ರ

ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಸುಳಿವು ಹುಡುಕುವ ಸಾಫ್ಟ್‌ವೇರನ್ನು 15 ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ರೋಗ ಇದೆ, ಇಲ್ಲ ಎಂದು ಮೊದಲೇ ಗುರುತಿಸಿಟ್ಟ ಸಾವಿರಾರು ಚಿತ್ರಗಳಿಂದ ಕಲಿತ ಅದು ಹೊಸ ಚಿತ್ರಕ್ಕೆ ಅಂಕ ಕೊಡುತ್ತದೆ. ಎಷ್ಟು ಅಂಕ ದಾಟಿದರೆ ಕಫ ಪರೀಕ್ಷೆಗೆ ಕಳಿಸಬೇಕೆಂದು ನಿರ್ಧರಿಸುವವರು ಮಾತ್ರ ಮನುಷ್ಯರೇ.

ಸಾವಿರ ಜನರಲ್ಲಿ 10 ಮಂದಿಗೆ ಕ್ಷಯವಿದೆ ಎನ್ನಿ. ಯಂತ್ರ ರೋಗಿಗಳಲ್ಲಿ ಶೇ. 90 ಮಂದಿಯನ್ನು ಹಿಡಿದು, ರೋಗವಿಲ್ಲದವರಲ್ಲಿ ಶೇ. 70 ಮಂದಿಯನ್ನು ಸರಿಯಾಗಿ ಬಿಟ್ಟರೆ 9 ರೋಗಿಗಳು ಸಿಗುತ್ತಾರೆ. ಜೊತೆಗೆ ಕ್ಷಯವಿಲ್ಲದ 297 ಜನರೂ ಕಫ ಕೊಡಲು ಸಾಲು ನಿಲ್ಲಬೇಕಾಗುತ್ತದೆ. ಅಂಕದ ಗಡಿ ಏರಿಸಿದರೆ ಸಾಲು ಕರಗುತ್ತದೆ, ಆದರೆ ಕೈತಪ್ಪುವ ರೋಗಿಗಳು ಹೆಚ್ಚುತ್ತಾರೆ. ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಕಲೆಗಳೂ ಸುಳ್ಳು ಎಚ್ಚರಿಕೆಗೆ ಕಾರಣ.

ಪಕ್ಷಪಾತ ಇದಕ್ಕಿಂತ ಗುಪ್ತವಾದದ್ದು. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ನ್ಯುಮೋನಿಯಾ ಅಧ್ಯಯನವೊಂದರಲ್ಲಿ, ಎಕ್ಸ್‌ರೇ ಯಾವ ಆಸ್ಪತ್ರೆಯದೆಂದೇ ಯಂತ್ರ ಪತ್ತೆಹಚ್ಚಬಲ್ಲದಾಗಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚಿದ್ದರೆ, ಶ್ವಾಸಕೋಶವನ್ನು ಬಿಟ್ಟು ಆಸ್ಪತ್ರೆಯ ಗುರುತನ್ನೇ ಅದು ರೋಗದ ಸುಳಿವಾಗಿ ಹಿಡಿಯಬಹುದು. ಹಾಗಾಗಿ ಬೇರೆಡೆ ಕಲಿತ ಯಂತ್ರ ತಂದಾಗ, ಅದರ ಅಂಕಗಳನ್ನು ನಮ್ಮೂರಿನ ಕಫ ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಿಯೇ ಗಡಿ ನಿಗದಿಪಡಿಸಬೇಕು.