ಬಂದ ಕೆಲಸವನ್ನು ಬಿಟ್ಟುಕೊಡುವ ಪತ್ರದ ಮಾತು

ಪದವಿ ಮುಗಿಸಿದವರಿಗೆ ಎರಡು ಕಡೆಯಿಂದ ಕೆಲಸದ ಕರೆ ಬಂದರೆ, ಒಂದು ಕಡೆಗೆ ಬರುವುದಿಲ್ಲವೆಂದು ಬರೆದು ತಿಳಿಸಬೇಕಾಗುತ್ತದೆ. ಆ ಪತ್ರ ಐದಾರು ಸಾಲಿನದು. ಅದರಲ್ಲಿ ಸಂಸ್ಥೆಯವರು ಹುಡುಕುವುದು ಒಂದೇ ಸಂಗತಿ: ಈ ಅಭ್ಯರ್ಥಿ ಸೇರುತ್ತಾರೋ ಇಲ್ಲವೋ. ಉತ್ತರ ‘ಇಲ್ಲ’ ಎಂದೇ ಆದರೂ ಅದನ್ನು ಯಾವ ಕ್ರಿಯಾಪದದಲ್ಲಿ ಹೇಳಲಾಗಿದೆ ಎಂಬುದರಿಂದ ಪತ್ರ ಒರಟೋ ಹಿತವೋ ಆಗುತ್ತದೆ.

ಮೊದಲು ಕೈಗೆ ಸಿಗುವ ಪದ ‘ನಿರಾಕರಿಸು’. ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಈ ಪದ ಹೆಚ್ಚಾಗಿ ಕೊಡುವ ಅಧಿಕಾರ ಇರುವವರ ಬಾಯಲ್ಲಿ ಬರುತ್ತದೆ. ನ್ಯಾಯಾಲಯ ಜಾಮೀನು ನಿರಾಕರಿಸುತ್ತದೆ, ಕಚೇರಿ ಅನುಮತಿ ನಿರಾಕರಿಸುತ್ತದೆ. ಹೊಸ ಪದವೀಧರ ಅದೇ ಪದ ಬಳಸಿದಾಗ ಮೇಲೆ ಕುಳಿತು ಆದೇಶ ಹೊರಡಿಸಿದಂತೆ ಕೇಳಿಸುತ್ತದೆ. ‘ತಿರಸ್ಕರಿಸು’ ಇನ್ನೂ ಕೆಟ್ಟದ್ದು; ಅದರೊಳಗೆ ತಿರಸ್ಕಾರವೇ ಇದೆ. ‘ನನಗೆ ಬೇಡ’ ಎಂಬುದು ಸರಳವಾದರೂ ಬೊಟ್ಟು ಮಾಡುವುದು ವಸ್ತುವಿನ ಕಡೆಗೆ. ಊಟದ ಪಂಕ್ತಿಯಲ್ಲಿ ಬಡಿಸಲು ಬಂದವರಿಗೆ ‘ಬೇಡ’ ಎಂದರೆ ಪಲ್ಯ ರುಚಿಸಲಿಲ್ಲವೇನೋ ಎಂಬ ಅನುಮಾನ ಬರುತ್ತದೆ, ‘ಸಾಕು’ ಎಂದರೆ ಬರುವುದಿಲ್ಲ. ಎರಡರಲ್ಲೂ ಎಲೆಗೆ ಏನೂ ಬೀಳುವುದಿಲ್ಲ. ಮೊದಲನೆಯದು ಪಲ್ಯದ ಮಾತು, ಎರಡನೆಯದು ಉಣ್ಣುವವರ ಹೊಟ್ಟೆಯ ಮಾತು. ಪತ್ರದಲ್ಲಿಯೂ ಕೆಲಸದ ಬಗ್ಗೆ ತೀರ್ಪು ಕೊಡದೆ ತನ್ನ ಸ್ಥಿತಿಯನ್ನು ಹೇಳುವ ಮಾತು ಬೇಕು.

ಅಂಥ ಮಾತು ಕನ್ನಡದಲ್ಲಿ ಬೇಕಾದಷ್ಟಿದೆ. ‘ಆಗು’ ಎಂಬ ಕ್ರಿಯಾಪದವೊಂದೇ ಹಲವು ಛಾಯೆಗಳನ್ನು ಕೊಡುತ್ತದೆ. ‘ಸೇರಲು ಆಗುವುದಿಲ್ಲ’ ಎಂಬುದು ಖಡಾಖಂಡಿತ; ಆಡುಮಾತಿನ ‘ಆಗಲ್ಲ’ ಅದರ ಬೆನ್ನಿಗೇ ಇದೆ. ‘ಸೇರಲಾರೆ’ ಎಂಬುದು ಪುಸ್ತಕದ ಭಾಷೆಯಲ್ಲಿ ಅಶಕ್ತಿಯನ್ನು ಸೂಚಿಸಿದರೂ ಪತ್ರದಲ್ಲಿ ಮನಸ್ಸಿಲ್ಲದವರ ಹಟದಂತೆ ಓದಿಸಿಕೊಳ್ಳಬಹುದು. ‘ಸೇರಲು ಆಗುತ್ತಿಲ್ಲ’ ಎಂದಾಗ ಮಾತ್ರ ಅಡ್ಡಿ ಹೊರಗಿನದು, ಈ ಸಂದರ್ಭಕ್ಕೆ ಸೇರಿದ್ದು ಎಂಬ ಅರ್ಥ ತಾನಾಗಿ ಬರುತ್ತದೆ. ‘ಒಪ್ಪಿಕೊಳ್ಳುವ ಸ್ಥಿತಿಯಲ್ಲಿಲ್ಲ’, ‘ಈ ಅವಕಾಶವನ್ನು ಬಿಟ್ಟುಕೊಡಬೇಕಾಗಿದೆ’ ಎಂಬ ಮಾತುಗಳೂ ಇದೇ ಜಾಡಿನವು. ಅದರಲ್ಲೂ ‘ಬಿಟ್ಟುಕೊಡು’ ಎಂಬುದು ಒಳ್ಳೆಯ ಪದ. ಬೆಲೆಯಿದ್ದುದನ್ನೇ ಬಿಟ್ಟುಕೊಡುವುದು; ಬೆಲೆಯಿಲ್ಲದ್ದನ್ನು ಎಸೆಯುತ್ತಾರೆ.

ವಾಕ್ಯದ ಕ್ರಮವೂ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕಾರಣವನ್ನು ಮೊದಲು ಹೇಳಿ, ಇಲ್ಲವೆನ್ನುವುದನ್ನು ಆಮೇಲೆ ಹೇಳುವುದು ಸಹಜ. ‘ಬೇರೊಂದು ಸಂಸ್ಥೆಯ ಹುದ್ದೆಯನ್ನು ಈಗಾಗಲೇ ಒಪ್ಪಿಕೊಂಡಿರುವುದರಿಂದ ತಮ್ಮಲ್ಲಿ ಸೇರಲು ಆಗುತ್ತಿಲ್ಲ’ ಎಂಬ ವಾಕ್ಯವನ್ನು ಓದುವವರು ‘ಆಗುತ್ತಿಲ್ಲ’ಕ್ಕೆ ಬರುವ ಹೊತ್ತಿಗೆ ಕಾರಣ ತಿಳಿದಿರುತ್ತದೆ. ಇದೇ ವಾಕ್ಯಕ್ಕೆ ಕೃತಜ್ಞತೆ, ಸಂದರ್ಶನದ ನೆನಪು, ಸಂಸ್ಥೆಯ ಹೊಗಳಿಕೆ ಎಲ್ಲವನ್ನೂ ಪೋಣಿಸಿದರೆ ಮುಖ್ಯ ವಿಷಯ ನಾಲ್ಕನೆಯ ಸಾಲಿನ ಬಾಲಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೃತಜ್ಞತೆಗೆ ಒಂದು ವಾಕ್ಯ, ನಿರ್ಧಾರಕ್ಕೆ ಬೇರೆ ವಾಕ್ಯ ಇರಬೇಕು.

ಮೃದುವಾಗಿ ಬರೆಯಲು ಹೊರಟವರು ಎಡವುವ ಇನ್ನೊಂದು ಜಾಗವಿದೆ. ‘ಸದ್ಯಕ್ಕೆ ಸ್ವಲ್ಪ ಕಷ್ಟ’, ‘ಬಹುಶಃ ಬರಲು ಆಗಲಿಕ್ಕಿಲ್ಲ’, ‘ಮನೆಯವರ ಜೊತೆ ಮಾತಾಡಿ ತಿಳಿಸುತ್ತೇನೆ’ ಎಂಬ ಮಾತುಗಳು ಎದುರು ಕೂತು ಮಾತಾಡುವಾಗ ಇಲ್ಲವೆಂದೇ ಅರ್ಥವಾಗುತ್ತವೆ. ಮುಖಭಾವ, ದನಿ ಉಳಿದದ್ದನ್ನು ಹೇಳಿಬಿಡುತ್ತವೆ. ಕಾಗದದಲ್ಲಿ ದನಿಯಿಲ್ಲ. ‘ಸದ್ಯಕ್ಕೆ’ ಎಂದು ಓದಿದವರು ಮುಂದಿನ ತಿಂಗಳು ಬರುತ್ತಾರೆಂದುಕೊಳ್ಳುತ್ತಾರೆ, ‘ಕಷ್ಟ’ ಎಂದು ಓದಿದವರು ಸಂಬಳ ಹೆಚ್ಚಿಸಬೇಕೇನೋ ಎಂದು ಫೋನ್ ಮಾಡುತ್ತಾರೆ. ಅಷ್ಟರವರೆಗೆ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿರುವ ಇನ್ನೊಬ್ಬ ಪದವೀಧರ ಕಾಯುತ್ತಲೇ ಇರುತ್ತಾನೆ. ಅವನ ದೃಷ್ಟಿಯಿಂದ ನೋಡಿದರೆ ಒರಟು ಪತ್ರಕ್ಕಿಂತ ಅಸ್ಪಷ್ಟ ಪತ್ರವೇ ಹೆಚ್ಚು ಅನ್ಯಾಯ. ಪತ್ರ ಕಳಿಸುವ ಮೊದಲು ಪರೀಕ್ಷಿಸಲು ಸುಲಭದ ದಾರಿಯಿದೆ: ಬೇರೊಬ್ಬರಿಗೆ ಓದಿಸಿ, ‘ಇವರು ಸೇರುತ್ತಾರಾ?’ ಎಂದು ಕೇಳುವುದು. ಅವರು ಒಂದು ಕ್ಷಣ ಯೋಚಿಸಿದರೂ ಪತ್ರವನ್ನು ತಿದ್ದಬೇಕು.

ಒಂದು ಉದಾಹರಣೆ ನೋಡಬಹುದು. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳಿಗೆ ಹುಬ್ಬಳ್ಳಿಯ ಸಹಕಾರ ಸಂಘವೊಂದರಿಂದ ಲೆಕ್ಕ ಸಹಾಯಕಿಯ ಹುದ್ದೆಗೆ ಪತ್ರ ಬಂದಿದೆ ಎಂದುಕೊಳ್ಳೋಣ. ಊರಿನಲ್ಲೇ ಇನ್ನೂ ಹೆಚ್ಚು ಸಂಬಳದ ಕೆಲಸ ಸಿಕ್ಕಿದೆ. ಅವಳ ಮೊದಲ ಕರಡು ಹೀಗಿದೆ: ‘ವಿಷಯ: ಉದ್ಯೋಗ ನಿರಾಕರಣೆ. ನೀವು ಕೊಟ್ಟಿರುವ ಕೆಲಸವನ್ನು ನಾನು ಒಪ್ಪುವುದಿಲ್ಲ. ಸಂಬಳ ಕಡಿಮೆ ಇದೆ, ಹುಬ್ಬಳ್ಳಿ ದೂರವಾಗುತ್ತದೆ.’ ಇದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ವಿಷಯದ ಸಾಲೇ ಬಾಗಿಲು ಹಾಕುತ್ತದೆ, ಎರಡು ಕಾರಣಗಳೂ ದೂರಿನಂತಿವೆ. ದೂರಿಗೆ ಸಮಜಾಯಿಷಿ ಕೊಡಬೇಕೆಂದು ಸಂಘದವರಿಗೆ ಅನ್ನಿಸಿದರೆ ಪತ್ರವ್ಯವಹಾರ ಬೆಳೆಯುತ್ತದೆ.

ತಿದ್ದಿದ ಪತ್ರ ಹೀಗಾಗಬಹುದು: ‘ಮಾನ್ಯರೇ, ವಿಷಯ: ಲೆಕ್ಕ ಸಹಾಯಕಿ ಹುದ್ದೆಯ ಬಗ್ಗೆ ನನ್ನ ನಿರ್ಧಾರ. ತಮ್ಮ ಸಂಘದಲ್ಲಿ ಕೆಲಸಕ್ಕೆ ನನ್ನನ್ನು ಆರಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಸಂದರ್ಶನದ ದಿನ ತಾವು ಸಾಲ ವಿಭಾಗದ ಕೆಲಸವನ್ನು ಬಿಡಿಸಿ ಹೇಳಿದ್ದು ನನಗೆ ಉಪಯೋಗವಾಯಿತು. ಊರಿನಲ್ಲಿಯೇ ಬೇರೊಂದು ಹುದ್ದೆಯನ್ನು ಒಪ್ಪಿಕೊಂಡಿರುವುದರಿಂದ ತಮ್ಮ ಸಂಘಕ್ಕೆ ಸೇರಲು ಆಗುತ್ತಿಲ್ಲ. ಈ ಹುದ್ದೆಗೆ ದಯವಿಟ್ಟು ಬೇರೆ ಅಭ್ಯರ್ಥಿಯನ್ನು ಪರಿಗಣಿಸಬೇಕೆಂದು ಕೋರುತ್ತೇನೆ.’

ಇಲ್ಲಿ ಸಂಬಳದ ಮಾತು ಬಿಟ್ಟುಹೋಗಿದೆ, ದೂರದ ಮಾತು ‘ಊರಿನಲ್ಲಿಯೇ’ ಎಂಬ ಒಂದು ಪದದಲ್ಲಿ ಅಡಗಿದೆ. ಕೊನೆಯ ವಾಕ್ಯದ ಕೆಲಸ ದೊಡ್ಡದು. ಅದು ವಿನಂತಿಯ ರೂಪದಲ್ಲಿದ್ದರೂ, ನಿರ್ಧಾರ ಬದಲಾಗುವುದಿಲ್ಲವೆಂದು ‘ಇಲ್ಲ’ ಎಂಬ ಪದವನ್ನೇ ಬಳಸದೆ ಖಚಿತಪಡಿಸುತ್ತದೆ. ‘ಕ್ಷಮಿಸಿ’ ಎಂದು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ; ಒಪ್ಪಿಗೆ ಕೊಡುವ ಮೊದಲು ಬರುವುದಿಲ್ಲವೆಂದು ಹೇಳುವುದು ತಪ್ಪಲ್ಲ. ‘ತೀವ್ರವಾಗಿ ವಿಷಾದಿಸುತ್ತೇನೆ’ ಎಂಬುದೂ ಇಲ್ಲಿಗೆ ಭಾರವಾಗುತ್ತದೆ, ಅದು ಸಾವುನೋವಿನ ಸುದ್ದಿಯ ಭಾಷೆ.

ಬೆಂಗಳೂರಿನ ಕಂಪನಿಗಳಿಗೆ ಇಂಥ ಉತ್ತರ ಸಾಮಾನ್ಯವಾಗಿ ಇಂಗ್ಲಿಷ್ ಇ-ಮೇಲ್‌ನಲ್ಲಿ ಹೋಗುತ್ತದೆ. ಅಲ್ಲಿಯೂ ಲೆಕ್ಕಾಚಾರ ಇದೇ. ‘ರಿಫ್ಯೂಸ್’ ಜಗಳದ ಪದ, ‘ರಿಜೆಕ್ಟ್’ ಕಳಪೆಯೆಂದು ಬದಿಗಿಟ್ಟಂತೆ. ‘ಡಿಕ್ಲೈನ್’ ಮರ್ಯಾದೆಯ ಪದ, ಅದನ್ನು ಧೈರ್ಯವಾಗಿ ಬಳಸಬಹುದು. ‘ಅನೇಬಲ್ ಟು ಆಕ್ಸೆಪ್ಟ್’ ಎಂಬುದು ನಮ್ಮ ‘ಒಪ್ಪಿಕೊಳ್ಳಲು ಆಗುತ್ತಿಲ್ಲ’ದ ಹತ್ತಿರ ನಿಲ್ಲುತ್ತದೆ. ಅದರ ಹಿಂದೆ ‘ಮೇ ಬಿ’ ಸೇರಿಸಿದರೆ ಮಾತ್ರ ಕನ್ನಡದ ‘ಬಹುಶಃ’ ಮಾಡುವ ಎಡವಟ್ಟನ್ನೇ ಅದೂ ಮಾಡುತ್ತದೆ.

ಒಪ್ಪಿಗೆಗೆ ಸಹಿ ಹಾಕಿ ಕಳಿಸಿದ ಮೇಲೆ ಮನಸ್ಸು ಬದಲಾದರೆ ಪದಗಳೂ ಬದಲಾಗಬೇಕು. ಆಗ ‘ಸೇರಲು ಆಗುತ್ತಿಲ್ಲ’ ಎಂದಷ್ಟೇ ಬರೆದರೆ ಕೊಟ್ಟ ಮಾತನ್ನು ಮರೆಮಾಚಿದಂತಾಗುತ್ತದೆ. ‘ಇಂಥ ದಿನ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಇದರಿಂದ ಆದ ತೊಂದರೆಗೆ ಕ್ಷಮಿಸಬೇಕು’ ಎಂದು ನೇರವಾಗಿ ಬರೆಯುವುದೇ ಸರಿ. ಕ್ಷಮೆಗೆ ಇಲ್ಲಿ ನಿಜವಾದ ಜಾಗವಿದೆ. ಕ್ಯಾಂಪಸ್ ಸಂದರ್ಶನದಲ್ಲಿ ಸಿಕ್ಕ ಕೆಲಸವಾದರೆ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಮೊದಲೇ ತಿಳಿಸಬೇಕು. ಒಬ್ಬರಿಗೆ ಒಂದೇ ಕೆಲಸ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಹಾಗೆ ಒಪ್ಪಿ ಬಿಟ್ಟವರ ಕಾರಣದಿಂದ ಮುಂದಿನ ವರ್ಷ ಕಂಪನಿ ಆ ಕಾಲೇಜಿಗೆ ಬಾರದೆ ಹೋದರೆ ನಷ್ಟ ಕಿರಿಯ ವಿದ್ಯಾರ್ಥಿಗಳದ್ದು.