ಒಂದೇ ಹಾಳೆ, ಎರಡು ಅಳತೆ

ಮೂವತ್ತು–ನಲವತ್ತರ ಸೈಟಿನ ಮನೆ ನಕ್ಷೆಯನ್ನು ಎ3 ಹಾಳೆಗೆ ಇಳಿಸಬೇಕು ಎಂದುಕೊಳ್ಳಿ. ಸೈಟಿನ ಅಗಲ 9144 ಮಿ.ಮೀ. 1:100ರಲ್ಲಿ ಅದು ಹಾಳೆಯ ಮೇಲೆ ಸುಮಾರು 91 ಮಿ.ಮೀ. ಆಗುತ್ತದೆ, ಸಲೀಸಾಗಿ ಕೂರುತ್ತದೆ. ಆದರೆ 250 ಮಿ.ಮೀ. ಅಗಲದ ಮೆಟ್ಟಿಲು ಅಲ್ಲಿ ಬರೀ ಎರಡೂವರೆ ಮಿ.ಮೀ. ಅದನ್ನು ನೋಡಿ ಮೇಸ್ತ್ರಿ ಮೆಟ್ಟಿಲು ಕಟ್ಟಲಾರ. 1:20ಕ್ಕೆ ಹಿಗ್ಗಿಸಿದರೆ ಮೆಟ್ಟಿಲು ಹನ್ನೆರಡೂವರೆ ಮಿ.ಮೀ. ಆಗಿ ನಿಚ್ಚಳವಾಗುತ್ತದೆ, ಆದರೆ ಸೈಟು 457 ಮಿ.ಮೀ. ಆಗಿ 420 ಮಿ.ಮೀ. ಉದ್ದದ ಹಾಳೆಯನ್ನೇ ಮೀರುತ್ತದೆ.

ಮೆಟ್ಟಿಲನ್ನು ನಕಲು ಮಾಡಿ ಐದು ಪಟ್ಟು ದೊಡ್ಡದಾಗಿಸುವವರಿದ್ದಾರೆ. ಆಮೇಲೆ ಮೂಲ ನಕ್ಷೆಯಲ್ಲಿ ಒಂದು ಮೆಟ್ಟಿಲು ಹೆಚ್ಚಾದರೆ ನಕಲು ಹಳೆಯದಾಗಿಯೇ ಉಳಿಯುತ್ತದೆ. ಆಟೊಕ್ಯಾಡ್‌ನಲ್ಲಿ ಇದು ಬೇಕಿಲ್ಲ. ಮಾಡೆಲ್ ಸ್ಪೇಸ್‌ನಲ್ಲಿ ಮನೆಯನ್ನು ಒಂದೇ ಸಲ, ನಿಜ ಅಳತೆಯಲ್ಲಿ ಬರೆಯಬೇಕು. ಲೇಔಟ್ ಎಂದರೆ ಹಾಳೆ, ವ್ಯೂಪೋರ್ಟ್ ಎಂದರೆ ಆ ಹಾಳೆಯಲ್ಲಿ ಕೊರೆದ ಕಿಟಕಿ. ಎರಡು ಕಿಟಕಿಗಳಿಂದ ಕಾಣುವುದು ಒಂದೇ ಮನೆ.

ಲೇಔಟ್‌ಗೆ ಹೋಗಿ `MVIEW` ಆಜ್ಞೆಯಿಂದ ಎರಡು ಚೌಕ ಎಳೆಯಿರಿ. ಮೊದಲನೆಯದನ್ನು ಆಯ್ದು, ಕೆಳಗಿನ ಪಟ್ಟಿಯಲ್ಲಿ 1:100 ಆರಿಸಿ. ಎರಡನೆಯದಕ್ಕೆ 1:20. ಚೌಕದೊಳಗೆ ಎರಡು ಸಲ ಕ್ಲಿಕ್ ಮಾಡಿ, ಬೇಕಾದ ಭಾಗವನ್ನು ನಡುವಿಗೆ ಎಳೆದು ತನ್ನಿ. ಕೂಡಲೇ ಎರಡನ್ನೂ ಲಾಕ್ ಮಾಡಿ. ಇಲ್ಲವಾದರೆ ಒಳಗಿದ್ದಾಗ ಮೌಸಿನ ಚಕ್ರ ತುಸು ತಿರುಗಿದರೂ ಅಳತೆ ಕೆಡುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಪಟ್ಟಿಯಲ್ಲಿ 1:20ರ ಜಾಗದಲ್ಲಿ ಬೇರೇನೋ ಸಂಖ್ಯೆ ಬಂದಿರುತ್ತದೆ.

ಹೆಚ್ಚು ಜನ ಎಡವುವುದು ಅಕ್ಷರದಲ್ಲಿ. 1:100ರ ಕಿಟಕಿಯಲ್ಲಿ ಎರಡೂವರೆ ಮಿ.ಮೀ. ಕಾಣಲೆಂದು ಮಾಡೆಲ್‌ನಲ್ಲಿ 250 ಎತ್ತರದ ಅಕ್ಷರ ಬರೆದರೆ, ಅದೇ ಅಕ್ಷರ 1:20ರಲ್ಲಿ ಹನ್ನೆರಡೂವರೆ ಮಿ.ಮೀ. ಆಗಿ ಮೆಟ್ಟಿಲನ್ನೇ ಮುಚ್ಚುತ್ತದೆ. ಇದಕ್ಕೆ ಮದ್ದು `Annotative` ಗುಣ. ಅಕ್ಷರಕ್ಕೂ ಅಳತೆಗೆರೆಗೂ ಅದನ್ನು ಕೊಟ್ಟು, ಹಾಳೆಯ ಮೇಲಿನ ಎತ್ತರ 2.5 ಎಂದು ನಮೂದಿಸಿ, 1:100 ಮತ್ತು 1:20 ಎರಡನ್ನೂ ಸೇರಿಸಿದರೆ ಎರಡೂ ಕಿಟಕಿಗಳಲ್ಲಿ ಒಂದೇ ಗಾತ್ರದಲ್ಲಿ ಕಾಣುತ್ತದೆ. ಮೆಟ್ಟಿಲಿನ ಸೂಕ್ಷ್ಮ ಅಳತೆಗಳಿಗೆ 1:20 ಮಾತ್ರ ಕೊಟ್ಟು, ಲೇಔಟ್‌ನಲ್ಲಿ `ANNOALLVISIBLE` ಅನ್ನು 0 ಮಾಡಿದರೆ, ಅವು ದೊಡ್ಡ ನಕ್ಷೆಯನ್ನು ಗಿಜಿಗಿಜಿ ಮಾಡುವುದಿಲ್ಲ.

ಪ್ರತಿ ಕಿಟಕಿಯ ಕೆಳಗೆ ಅದರದರ ಸ್ಕೇಲ್ ಬರೆಯಿರಿ. ಮುದ್ರಿಸುವಾಗ 1:1 ಇರಲಿ. `Fit to paper` ಒತ್ತಿದರೆ ಎರಡೂ ಸ್ಕೇಲ್ ಒಟ್ಟಿಗೆ ಸುಳ್ಳಾಗಬಹುದು. ಹಾಳೆ ಕೈಗೆ ಬಂದ ಮೇಲೆ ಒಂದು ಮೆಟ್ಟಿಲಿಗೆ ಅಳತೆಪಟ್ಟಿ ಹಿಡಿಯಿರಿ. ಹನ್ನೆರಡೂವರೆ ಮಿ.ಮೀ. ಇದ್ದರೆ ಸೈಟಿಗೆ ಕಳಿಸಬಹುದು.